ಗೋಧಿ ಬಿಡುವ ಮುಂಚೆ ಎರಡು ರಕ್ತ ಪರೀಕ್ಷೆ

ಪ್ರಶ್ನೆ: ನನಗೆ 31 ವರ್ಷ, ಮನೆ ಬಸವೇಶ್ವರನಗರ. ಎರಡು ವರ್ಷದಿಂದ ರಾತ್ರಿ ಚಪಾತಿ ತಿಂದ್ರೆ ಹೊಟ್ಟೆ ಉಬ್ಬರ, ಬೆಳಿಗ್ಗೆ ಎರಡು ಮೂರು ಸಲ ಬಾತ್‌ರೂಮಿಗೆ ಓಡಬೇಕು. ಹಿಮೋಗ್ಲೋಬಿನ್ 9ರ ಮೇಲೆ ಏರ್ತಾನೇ ಇಲ್ಲ. ಒಂದು ಲ್ಯಾಬ್‌ನಲ್ಲಿ 200 ಆಹಾರದ ಅಲರ್ಜಿ ಟೆಸ್ಟ್ ಮಾಡಿಸಿದೆ. ಗೋಧಿ, ಹಾಲು, ತೊಗರಿಬೇಳೆ ಎಲ್ಲಾ ಕೆಂಪು ಬಂದಿದೆ. ಅಕ್ಕ ಗೋಧಿ ಬಿಟ್ಟುಬಿಡು ಅಂತಿದ್ದಾಳೆ. ನನಗಿರೋದು ಅಲರ್ಜಿನಾ, ಇಂಟಾಲರೆನ್ಸಾ, ಇಲ್ಲಾ ಸೀಲಿಯಾಕಾ? ಹೇಗೆ ಗೊತ್ತಾಗುತ್ತೆ?

ಉತ್ತರ: ಗೋಧಿ ಬಿಡಬೇಡಿ. ಬೇಡವೇ ಬೇಡ ಅಂತಲ್ಲ, ಈಗಲೇ ಬೇಡ. ಮೊದಲು ಎರಡು ರಕ್ತ ಪರೀಕ್ಷೆ ಮಾಡಿಸಿ, ಹೆಸರು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಒಂದು ಸೀಲಿಯಾಕ್ ಹಿಡಿಯುವ ಟಿಟಿಜಿ ಐಜಿಎ, ಇನ್ನೊಂದು ಟೋಟಲ್ ಐಜಿಎ. ಎರಡಕ್ಕೂ ಒಂದೇ ಸಲ ರಕ್ತ ಕೊಟ್ಟರೆ ಸಾಕು, ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ರಿಪೋರ್ಟ್ ಕೈಗೆ ಬಂದು ಡಾಕ್ಟರ್ ನೋಡುವ ತನಕ ದಿನಾ ತಿನ್ನುವ ಚಪಾತಿ ತಿನ್ನುತ್ತಲೇ ಇರಿ. ಉಬ್ಬರ ಆಗುತ್ತದೆ, ಗೊತ್ತು, ಸ್ವಲ್ಪ ದಿನ ತಡೆದುಕೊಳ್ಳಿ. ಒಂದೇ ಒಂದು ಷರತ್ತು: ಚಪಾತಿ ತಿಂದ ಮೇಲೆ ಯಾವತ್ತಾದರೂ ಮೈಮೇಲೆ ಗಂಧೆ ಎದ್ದಿದ್ದರೆ, ತುಟಿ ಊದಿದ್ದರೆ, ಉಸಿರು ಕಟ್ಟಿದ್ದರೆ ಈ ಮಾತು ನಿಮಗೆ ಅನ್ವಯಿಸುವುದಿಲ್ಲ. ಹಾಗಿದ್ದರೆ ಇವತ್ತೇ ನಿಲ್ಲಿಸಿ ಅಲರ್ಜಿ ಡಾಕ್ಟರ್ ಹತ್ತಿರ ಹೋಗಿ. ನೀವು ಬರೆದಿದ್ದರಲ್ಲಿ ಅಂಥದ್ದೇನೂ ಇಲ್ಲ.

ಆ 200 ಆಹಾರದ ರಿಪೋರ್ಟ್ ವಿಷಯ ಮೊದಲು ಮುಗಿಸಿಬಿಡೋಣ, ಯಾಕಂದರೆ ವಾರಕ್ಕೆ ಒಬ್ಬರಾದರೂ ಆ ಬಣ್ಣಬಣ್ಣದ ಹಾಳೆ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಸಾಮಾನ್ಯವಾಗಿ ಈ ಪ್ಯಾಕೇಜುಗಳಲ್ಲಿ ಅಳೆಯುವುದು ಐಜಿಜಿ ಅನ್ನುವ ಪ್ರತಿಕಾಯವನ್ನು. ನಿಮ್ಮ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನೋಡಿ. ನಾವು ಯಾವ ಆಹಾರ ಜಾಸ್ತಿ ತಿನ್ನುತ್ತೇವೋ ಅದಕ್ಕೆ ದೇಹ ಸ್ವಲ್ಪ ಐಜಿಜಿ ತಯಾರಿಸುತ್ತದೆ. ಅದು ರೋಗದ ಗುರುತಲ್ಲ, "ಈ ಸರಕು ನನಗೆ ಪರಿಚಯ" ಅನ್ನುವ ಗುರುತು. ದಿನಾ ಸಾರು ಉಣ್ಣುವವರಿಗೆ ತೊಗರಿಬೇಳೆ ಕೆಂಪು ಬರದೆ ಇನ್ನೇನು ಬರಬೇಕು? ನೀವು ಜನ್ಮದಲ್ಲಿ ಮುಟ್ಟದ ಯಾವುದೋ ವಿದೇಶಿ ಮೀನು ಹಸಿರಲ್ಲಿರುತ್ತದೆ. ಅಲರ್ಜಿ ತಜ್ಞರ ಸಂಘಟನೆಗಳು ಈ ಪರೀಕ್ಷೆ ಬೇಡ ಅಂತಲೇ ಹೇಳುತ್ತವೆ. ಹಣ ಹೋಯಿತು, ಹೋಗಲಿ. ಅದನ್ನು ನಂಬಿ ಬೇಳೆ ಬಿಡಬೇಡಿ, ಮೊದಲೇ ರಕ್ತ ಕಮ್ಮಿ ಇದೆ ನಿಮಗೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಒಂದೇ ಚಪಾತಿ, ಮೂರು ಜನಕ್ಕೆ ಮೂರು ಥರ ತೊಂದರೆ ಕೊಡಬಹುದು. ಹೊರಗಿನಿಂದ ನೋಡಿದರೆ ಮೂವರೂ "ನನಗೆ ಗೋಧಿ ಆಗಲ್ಲ" ಅಂತಾರೆ. ಒಳಗೆ ನಡೆಯುವುದು ಮಾತ್ರ ಬೇರೆಬೇರೆ.

ಅಲರ್ಜಿ ಅಂದರೆ ಗಡಿಯಾರ ನೋಡಿ ಹಿಡಿಯುವ ಕಾಯಿಲೆ. ಇಲ್ಲಿ ಕೆಲಸ ಮಾಡುವುದು ಐಜಿಇ ಅನ್ನುವ ಇನ್ನೊಂದು ಪ್ರತಿಕಾಯ. ಅದು ಚರ್ಮ, ಕರುಳು, ಶ್ವಾಸನಾಳದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಮದ್ದು ತುಂಬಿದ ಪಟಾಕಿ ಥರ ಕೂತಿರುತ್ತದೆ. ಆ ಆಹಾರ ಒಳಗೆ ಹೋದ ತಕ್ಷಣ ಕೋಶ ಒಡೆದು ಹಿಸ್ಟಮಿನ್ ಹೊರಗೆ ಬರುತ್ತದೆ. ಹಾಗಾಗಿ ಕೆಲವು ನಿಮಿಷದಲ್ಲಿ, ಜಾಸ್ತಿ ಅಂದರೆ ಎರಡು ಗಂಟೆಯೊಳಗೆ ಗೊತ್ತಾಗಿಬಿಡುತ್ತದೆ. ಪಿತ್ತದ ಗಂಧೆ, ತುಟಿ ಕಣ್ಣು ಊತ, ವಾಂತಿ, ಎದೆಯಲ್ಲಿ ಸುಂಯ್ ಅನ್ನುವ ಸದ್ದು, ತಲೆ ಸುತ್ತು. ಪ್ರಮಾಣ ಚೂರೇ ಸಾಕು. ಪ್ರತಿ ಸಲ ತಿಂದಾಗಲೂ ಹೆಚ್ಚುಕಮ್ಮಿ ಹಾಗೆಯೇ ಆಗುತ್ತದೆ.

ಹೆಚ್ಚುಕಮ್ಮಿ ಅಂದಿದ್ದು ಯಾಕೆ ಅಂದರೆ, ಗೋಧಿಯಲ್ಲಿ ಒಂದು ವಿಚಿತ್ರ ಬಗೆ ಇದೆ. ಎಚ್‌ಎಸ್‌ಆರ್ ಲೇಔಟ್‌ನ ಒಬ್ಬ ಹುಡುಗ ಬಂದಿದ್ದ, ಸಾಫ್ಟ್‌ವೇರ್ ಕೆಲಸ. ಸಂಜೆ ಏಳೂವರೆಗೆ ಎರಡು ಚಪಾತಿ ತಿಂದು, ಎಂಟೂವರೆಗೆ ಶಟಲ್ ಆಡಲು ಹೋಗುತ್ತಿದ್ದ. ನಾಲ್ಕು ತಿಂಗಳಲ್ಲಿ ಮೂರು ಸಲ, ಆಟ ಶುರುವಾದ ಇಪ್ಪತ್ತು ನಿಮಿಷಕ್ಕೆ ಅಂಗೈ ಕಡಿತ, ಆಮೇಲೆ ಹೊಟ್ಟೆ ಬೆನ್ನೆಲ್ಲಾ ಗಂಧೆ. ಮೂರನೇ ಸಲ ಕೋರ್ಟಿನಲ್ಲೇ ಕುಸಿದು ಕೂತ. ಅವನು ಕೋರ್ಟಿನ ಧೂಳು ಅಂದುಕೊಂಡಿದ್ದ. ಚಪಾತಿ ತಿಂದು ಟಿವಿ ನೋಡುತ್ತಾ ಕೂತರೆ ಏನೂ ಇಲ್ಲ, ತಿನ್ನದೆ ಆಡಿದರೂ ಏನೂ ಇಲ್ಲ, ತಿಂದು ಆಡಿದರೆ ಮಾತ್ರ ಹೀಗೆ. ಇದು ಗೋಧಿ ಮತ್ತು ವ್ಯಾಯಾಮ ಎರಡೂ ಸೇರಿದಾಗ ಆಗುವ ಅಲರ್ಜಿ. ಗೋಧಿಯ ಒಮೆಗಾ-5 ಗ್ಲಯಾಡಿನ್ ಅನ್ನುವ ಪ್ರೋಟೀನ್ ಇದಕ್ಕೆ ಮುಖ್ಯ ಕಾರಣ. ನೋವಿನ ಮಾತ್ರೆ ನುಂಗಿದ್ದರೂ ಕೆಲವರಿಗೆ ವ್ಯಾಯಾಮ ಇಲ್ಲದೆಯೇ ಎದ್ದುಬಿಡುತ್ತದೆ. ನಾನು ಹೊಟ್ಟೆ ಡಾಕ್ಟರ್, ಅವನನ್ನು ಅಲರ್ಜಿ ತಜ್ಞರ ಹತ್ತಿರ ಕಳಿಸಿದೆ. ಅವರು ಆ ಪ್ರೋಟೀನಿಗೇ ಐಜಿಇ ಪರೀಕ್ಷೆ ಮಾಡಿಸಿ ಖಚಿತ ಮಾಡಿದರು. ಈಗ ಗೋಧಿ ತಿಂದ ಮೇಲೆ ಕನಿಷ್ಠ ನಾಲ್ಕೈದು ಗಂಟೆ ಆಟ ಇಲ್ಲ, ಬ್ಯಾಗಿನಲ್ಲಿ ಅಡ್ರಿನಲಿನ್ ಇದೆ, ಜೊತೆಗೆ ಆಡುವವರಿಗೂ ತೊಡೆಯ ಹೊರಭಾಗಕ್ಕೆ ಚುಚ್ಚುವುದು ಹೇಗೆ ಅಂತ ಹೇಳಿಕೊಟ್ಟಿದ್ದಾನೆ. ಅಂದಹಾಗೆ, ಉಸಿರು ಕಟ್ಟುವ ಅಲರ್ಜಿಗೆ ಮೊದಲ ಮದ್ದು ಅಡ್ರಿನಲಿನ್ನೇ, ಸೆಟ್ರಿಜಿನ್ ಅಲ್ಲ. ಸೆಟ್ರಿಜಿನ್ ನುಂಗಿ ಕಾಯುತ್ತಾ ಕೂರಬಾರದು, 108ಕ್ಕೆ ಫೋನ್ ಮಾಡಬೇಕು.

ಅಲರ್ಜಿಗೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ. ಮುಂಗೈ ಮೇಲೆ ಆಹಾರದ ಒಂದೊಂದು ಹನಿ ಹಾಕಿ ಮೆಲ್ಲಗೆ ಚುಚ್ಚುತ್ತಾರೆ, 15-20 ನಿಮಿಷಕ್ಕೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿದರೆ ಅಳೆಯುತ್ತಾರೆ. 3 ಮಿಲಿಮೀಟರ್ ಅಥವಾ ಜಾಸ್ತಿ ಉಬ್ಬಿದರೆ ಪಾಸಿಟಿವ್. ಸೆಟ್ರಿಜಿನ್ ಥರದ ಮಾತ್ರೆ ತೆಗೆದುಕೊಂಡಿದ್ದರೆ ಏನೂ ಉಬ್ಬುವುದಿಲ್ಲ, ಅದಕ್ಕೇ ಸುಮಾರು ಒಂದು ವಾರ ಮುಂಚೆ ನಿಲ್ಲಿಸಬೇಕು. ಆದರೆ ಉಬ್ಬಿದ ಮಾತ್ರಕ್ಕೆ ಅಲರ್ಜಿ ಅಂತಲ್ಲ. ಹುಲ್ಲಿನ ಪರಾಗಕ್ಕೆ ಸೀನುವವರಿಗೆ ಗೋಧಿಗೂ ಉಬ್ಬಬಹುದು, ಅವರು ದಿನಾ ಪರೋಟ ತಿಂದು ಆರಾಮಾಗಿರುತ್ತಾರೆ. ತಿಂದಾಗ ಏನಾಯಿತು ಅನ್ನುವ ಕಥೆ ಹಾಗೂ ಪರೀಕ್ಷೆ ಎರಡೂ ಹೊಂದಬೇಕು. ಹೊಂದದೇ ಇದ್ದರೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಚೂರುಚೂರೇ ತಿನ್ನಿಸಿ ನೋಡುತ್ತಾರೆ. ಮನೆಯಲ್ಲಿ ಯಾರೂ ಈ ಸಾಹಸ ಮಾಡಬಾರದು. ನಿಮ್ಮದು ರಾತ್ರಿ ತಿಂದು ಬೆಳಿಗ್ಗೆ ಓಡುವ ಕಥೆ, ಗಂಧೆ ಇಲ್ಲ, ಊತ ಇಲ್ಲ. ಅಲರ್ಜಿಯ ಗಡಿಯಾರಕ್ಕೆ ಇದು ಕೂಡುವುದಿಲ್ಲ.

ಇಂಟಾಲರೆನ್ಸ್‌ನಲ್ಲಿ ಪ್ರತಿಕಾಯದ ಜಗಳವೇ ಇಲ್ಲ. ಜೀರ್ಣ ಆಗದ ಸಕ್ಕರೆಯ ಕಥೆ ಅದು. ಹಾಲು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹಾಲಿನ ಲ್ಯಾಕ್ಟೋಸ್ ಒಡೆಯುವ ಲ್ಯಾಕ್ಟೇಸ್ ಕಿಣ್ವ ದೊಡ್ಡವರಾದ ಮೇಲೆ ನಮ್ಮಲ್ಲಿ ಬಹಳ ಜನಕ್ಕೆ ಕಮ್ಮಿಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ, ಸಕ್ಕರೆ ನೀರನ್ನೂ ಎಳೆದುಕೊಳ್ಳುತ್ತದೆ. ಉಬ್ಬರ, ಗುಡುಗುಡು, ತೆಳ್ಳಗೆ ಹೋಗುವುದು, ಮೂರಕ್ಕೂ ಅದೇ ಕಾರಣ. ಇಡ್ಲಿ ಹಿಟ್ಟು ರಾತ್ರಿಯಿಡೀ ಪಾತ್ರೆಯಲ್ಲಿ ಉಕ್ಕುವುದಿಲ್ವಾ, ಹಾಗೆ.

ಇಲ್ಲಿ ಲೆಕ್ಕ ಪೂರ್ತಿ ಪ್ರಮಾಣದ್ದು. ದರ್ಶಿನಿಯ ಅರ್ಧ ಲೋಟ ಕಾಫಿ ಏನೂ ಮಾಡುವುದಿಲ್ಲ, ದೊಡ್ಡ ಲೋಟದ ಮಿಲ್ಕ್‌ಶೇಕ್ ಕುಡಿದರೆ ಮುಗಿಯಿತು. ಹಾಲಿಗೆ ಅಲರ್ಜಿ ಇರುವ ಮಗುವಿಗೆ ಒಂದು ಚಮಚವೂ ಅಪಾಯ ಆಗಬಹುದು. ಲ್ಯಾಕ್ಟೋಸ್ ಆಗದ ದೊಡ್ಡವರಲ್ಲಿ ಬಹಳಷ್ಟು ಜನ 12 ಗ್ರಾಂ ಲ್ಯಾಕ್ಟೋಸ್, ಅಂದರೆ ಸುಮಾರು 240 ಎಂಎಲ್ ಹಾಲನ್ನು ಒಂದು ಸಲಕ್ಕೆ ತಡೆದುಕೊಳ್ಳುತ್ತಾರೆ. ಮೊಸರು ಇನ್ನೂ ಸುಲಭ, ಹೆಪ್ಪಿನ ಬ್ಯಾಕ್ಟೀರಿಯಾಗಳೇ ಅರ್ಧ ಕೆಲಸ ಮಾಡಿಟ್ಟಿರುತ್ತವೆ. ಅನುಮಾನ ಇದ್ದರೆ ಉಸಿರಿನ ಪರೀಕ್ಷೆ ಮಾಡುತ್ತೇವೆ: ಲ್ಯಾಕ್ಟೋಸ್ ಬೆರೆಸಿದ ನೀರು ಕುಡಿಸಿ, ಎರಡು ಮೂರು ಗಂಟೆ ಆಗಾಗ ಊದಿಸಿ, ಉಸಿರಿನಲ್ಲಿ ಹೈಡ್ರೋಜನ್ ಏರುತ್ತದಾ ಅಂತ ನೋಡುವುದು.

ಗೋಧಿಯಲ್ಲೂ ಇಂಥದೊಂದು ಸಕ್ಕರೆ ಇದೆ, ಅದು ಜನಕ್ಕೆ ಅಷ್ಟು ಗೊತ್ತಿಲ್ಲ. ಹೆಸರು ಫ್ರಕ್ಟಾನ್. ಇದನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿ ಯಾರಿಗೂ ಇಲ್ಲ. ಎಲ್ಲರಲ್ಲೂ ಅದು ಗ್ಯಾಸ್ ಮಾಡುತ್ತದೆ. ಕೆಲವರ ಕರುಳು ಸೂಕ್ಷ್ಮ, ಅವರಿಗೆ ನೋವು ಉಬ್ಬರ ಜಾಸ್ತಿ ಗೊತ್ತಾಗುತ್ತದೆ, ಅಷ್ಟೇ. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನೂ ಇದೆ. ನಾರ್ವೆಯಲ್ಲಿ "ನಮಗೆ ಗ್ಲುಟೆನ್ ಆಗಲ್ಲ" ಅನ್ನುತ್ತಿದ್ದ, ಆದರೆ ಸೀಲಿಯಾಕ್ ಇಲ್ಲದ 59 ಜನಕ್ಕೆ ಒಂದು ಪ್ರಯೋಗ ಮಾಡಿದರು, 2018ರಲ್ಲಿ ಪ್ರಕಟವಾಯಿತು. ಏನು ಕೊಡುತ್ತಿದ್ದೇವೆ ಅಂತ ಹೇಳದೆ ಒಂದು ವಾರ ಗ್ಲುಟೆನ್ ಇರುವ ಬಾರ್, ಒಂದು ವಾರ ಫ್ರಕ್ಟಾನ್ ಇರುವ ಬಾರ್, ಒಂದು ವಾರ ಎರಡೂ ಇಲ್ಲದ್ದು ತಿನ್ನಿಸಿದರು. ಹೊಟ್ಟೆ ಜಾಸ್ತಿ ಕೆಟ್ಟಿದ್ದು ಫ್ರಕ್ಟಾನ್ ವಾರದಲ್ಲಿ. ಗ್ಲುಟೆನ್‌ನಿಂದ ವಿಶೇಷವಾಗಿ ಏನೂ ಆಗಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ದಂಡಿಯಾಗಿದೆ. ಹಾಗಾಗಿ ಚಪಾತಿ ಜೊತೆ ನೀವು ನೆಂಚಿಕೊಳ್ಳುವ ಸಾಗು, ಪಲ್ಯಕ್ಕೆ ಎಷ್ಟು ಈರುಳ್ಳಿ ಬೀಳುತ್ತದೆ, ಅನ್ನದ ಜೊತೆ ಅದೇ ಪಲ್ಯ ತಿಂದ ದಿನ ಹೇಗಿರುತ್ತದೆ, ಸ್ವಲ್ಪ ಗಮನಿಸಿ. ಎಷ್ಟೋ ಸಲ ಬೈಸಿಕೊಳ್ಳುವುದು ಚಪಾತಿ, ತಪ್ಪು ಪಲ್ಯದ್ದು.

ನಿಜ ಹೇಳಬೇಕು ಅಂದರೆ, ಬೆಂಗಳೂರಿನಲ್ಲಿ "ಚಪಾತಿ ತಿಂದರೆ ಉಬ್ಬರ" ಅಂತ ಬರುವವರಲ್ಲಿ ಬಹುಪಾಲು ಈ ಗುಂಪಿನವರೇ. ಬರೀ ಉಬ್ಬರ ಅಂತ ಬರೆದಿದ್ದರೆ ನಾನೂ ಅದನ್ನೇ ಹೇಳಿ ಕಳಿಸುತ್ತಿದ್ದೆನೇನೋ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಎರಡನೇ ಸಾಲಲ್ಲ, ಹಿಮೋಗ್ಲೋಬಿನ್ ಸಾಲು. ಇಂಟಾಲರೆನ್ಸ್ ಕಾಟ ಕೊಡುತ್ತದೆ, ಆದರೆ ಕರುಳಿಗೆ ಗಾಯ ಮಾಡುವುದಿಲ್ಲ, ರಕ್ತ ಇಳಿಸುವುದಿಲ್ಲ. ಸೀಲಿಯಾಕ್ ಎರಡನ್ನೂ ಮಾಡುತ್ತದೆ.

ಸೀಲಿಯಾಕ್ ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ ಇವುಗಳ ಗ್ಲುಟೆನ್ ಒಳಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಟರ್ಕಿ ಟವೆಲ್ ನೋಡಿದ್ದೀರಲ್ಲ, ಅದರ ಮೇಲೆ ಸಣ್ಣಸಣ್ಣ ನೂಲಿನ ಕುಣಿಕೆಗಳಿರುತ್ತವೆ, ಅದಕ್ಕೇ ಅದು ನೀರು ಚೆನ್ನಾಗಿ ಹೀರುತ್ತದೆ. ಸಣ್ಣ ಕರುಳಿನ ಒಳಮೈ ಹಾಗೇ ಇರುತ್ತದೆ. ಸೀಲಿಯಾಕ್‌ನಲ್ಲಿ ಆ ಕುಣಿಕೆಗಳೆಲ್ಲ ಸವೆದು ಹಳೇ ಪಂಚೆಯಂತೆ ಸಪಾಟಾಗುತ್ತವೆ. ಮೊದಲು ಹಾಳಾಗುವುದು ಕರುಳಿನ ಶುರುವಿನ ಭಾಗ, ಕಬ್ಬಿಣಾಂಶ ಹೀರುವುದೂ ಅಲ್ಲೇ. ಹಾಗಾಗಿ ಎಷ್ಟು ಐರನ್ ಮಾತ್ರೆ ನುಂಗಿದರೂ ಒಳಗೆ ಹೋಗುವುದಿಲ್ಲ. ಭೇದಿ ಇರಲೇಬೇಕು ಅಂತೇನಿಲ್ಲ. ಇದು ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಸವೆಸುವ ಕಾಯಿಲೆ, ತಿಂದ ಹತ್ತು ನಿಮಿಷಕ್ಕೆ ಏನೂ ತೋರಿಸದೇ ಇರಬಹುದು.

ಒಂದು ಕೇಸ್ ಹೇಳುತ್ತೇನೆ, ಗುರುತು ಸಿಗದಷ್ಟು ಬದಲಾಯಿಸಿದ್ದೇನೆ. ರಾಜಾಜಿನಗರದ ಕಡೆಯ ಟೀಚರ್, 38 ವರ್ಷ. ಹಿಮೋಗ್ಲೋಬಿನ್ 8.1, ಫೆರಿಟಿನ್ 5, ಅಂದರೆ ಕಬ್ಬಿಣದ ಉಗ್ರಾಣ ಪೂರ್ತಿ ಖಾಲಿ. ನಾಲ್ಕು ತಿಂಗಳು ಮಾತ್ರೆ ನುಂಗಿದರು, ಏರಲಿಲ್ಲ. ಡ್ರಿಪ್‌ನಲ್ಲಿ ಐರನ್ ಹಾಕಿಸಿಕೊಂಡರು, 11 ಆಯಿತು, ಏಳೆಂಟು ತಿಂಗಳಿಗೆ ಮತ್ತೆ 8.5. ಮುಟ್ಟಿನ ಸ್ರಾವ ಸರಿಯಾಗೇ ಇತ್ತು, ಮಲದಲ್ಲಿ ರಕ್ತ ಇರಲಿಲ್ಲ, ಕೊಕ್ಕೆಹುಳ ಇರಲಿಲ್ಲ. ಭೇದಿನೂ ಇರಲಿಲ್ಲ, ಬದಲಿಗೆ ಮಲಬದ್ಧತೆ. ಬಾಯಿಹುಣ್ಣು ಬಂದು ಹೋಗಿ ಮಾಡುತ್ತಿತ್ತು, ಅದಕ್ಕೆ ಅವರು "ಉಷ್ಣ" ಅಂತ ಮಜ್ಜಿಗೆ ಕುಡಿಯುತ್ತಿದ್ದರು. ಅವರ ಅಮ್ಮನ ಮನೆಯಲ್ಲಿ ರಾಗಿಮುದ್ದೆ. ಮದುವೆಯಾದ ಮೇಲೆ ಗಂಡನಿಗೆ ಶುಗರ್ ಅಂತ ದಿನಾ ರಾತ್ರಿ ಚಪಾತಿ, ಬೆಳಿಗ್ಗೆ ವಾರಕ್ಕೆ ಮೂರು ದಿನ ಉಪ್ಪಿಟ್ಟು. ರವೆಯೂ ಗೋಧಿಯೇ ಅನ್ನುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ.

ಟಿಟಿಜಿ ಐಜಿಎ 140 ಬಂತು, ಆ ಲ್ಯಾಬಿನ ಮಿತಿ 20. ಟೋಟಲ್ ಐಜಿಎ ನಾರ್ಮಲ್. ಈ ಎರಡನೆಯದು ಯಾಕೆ ಬೇಕು ಅಂದರೆ, ಕೆಲವರಲ್ಲಿ ಹುಟ್ಟಿನಿಂದಲೇ ಐಜಿಎ ಅನ್ನುವ ಪ್ರತಿಕಾಯವೇ ತಯಾರಾಗುವುದಿಲ್ಲ. ಅಂಥವರಿಗೆ ಟಿಟಿಜಿ ಐಜಿಎ ಮಾಡಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರುತ್ತದೆ. ಆಗ ಐಜಿಜಿ ಬಗೆಯ ಸೀಲಿಯಾಕ್ ಪರೀಕ್ಷೆ ಬೇಕು. ನಿಮ್ಮ ಕೆಂಪು ಹಸಿರು ಹಾಳೆಯ ಐಜಿಜಿಗೂ ಇದಕ್ಕೂ ಸಂಬಂಧ ಇಲ್ಲ, ಗೊಂದಲ ಮಾಡಿಕೊಳ್ಳಬೇಡಿ.

ಆಮೇಲೆ ಎಂಡೋಸ್ಕೋಪಿ. ಬಾಯಿಯಿಂದ ಕ್ಯಾಮೆರಾ ಇಳಿಸಿ ಸಣ್ಣ ಕರುಳಿನ ಮೊದಲ ಭಾಗದಿಂದ ಅಕ್ಕಿಕಾಳಿಗಿಂತ ಸಣ್ಣ ಆರು ಚೂರು ತೆಗೆದೆ. ಹಾನಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಹಾಗಾಗಿ ಒಂದೆರಡು ಚೂರು ಸಾಲದು. ಮೈಕ್ರೋಸ್ಕೋಪಿನಲ್ಲಿ ಕುಣಿಕೆಗಳು ಪೂರ್ತಿ ಸಪಾಟಾಗಿದ್ದವು. ಬರೀ ಬಯಾಪ್ಸಿ ನೋಡಿಯೂ ಸೀಲಿಯಾಕ್ ಅನ್ನುವಂತಿಲ್ಲ, ಟ್ರಾಪಿಕಲ್ ಸ್ಪ್ರೂ, ಜಿಯಾರ್ಡಿಯಾ ಸೋಂಕಿನಲ್ಲೂ ಕುಣಿಕೆ ಸವೆಯುತ್ತದೆ, ನಮ್ಮ ದಕ್ಷಿಣದಲ್ಲಿ ಅದನ್ನು ಮರೆಯಬಾರದು. ರಕ್ತ ಮತ್ತು ಬಯಾಪ್ಸಿ ಎರಡೂ ಒಂದೇ ಮಾತು ಹೇಳಿದವು, ಹಾಗಾಗಿ ಖಚಿತವಾಯಿತು. ಮಕ್ಕಳಲ್ಲಿ ಟಿಟಿಜಿ ಮಿತಿಯ ಹತ್ತು ಪಟ್ಟು ದಾಟಿ, ಮತ್ತೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಅನ್ನುವ ಇನ್ನೊಂದು ಸೀಲಿಯಾಕ್ ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೂ ಒಪ್ಪುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಬಯಾಪ್ಸಿ ಮಾಡಿಯೇ ಮಾಡುತ್ತೇವೆ, ಯಾಕಂದರೆ ಇದು ಜೀವಮಾನದ ಪಥ್ಯ.

ಗೋಧಿ ಬಿಡಿಸಿದೆವು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10.4. ಆರು ತಿಂಗಳಿಗೆ ನೋಡಿದರೆ ಟಿಟಿಜಿ 90ರ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಅವರು ಅಳುವುದೊಂದು ಬಾಕಿ: "ಡಾಕ್ಟ್ರೇ, ಬರೀ ಮುದ್ದೆ ಅನ್ನ ಸಾರು, ಇನ್ನೇನು ಬಿಡಲಿ?" ಅಡುಗೆಮನೆಯ ಒಂದೊಂದೇ ಡಬ್ಬಿಯ ಫೋಟೋ ತೆಗೆದುಕೊಂಡು ಬನ್ನಿ ಅಂದೆ. ಸಾರಿನ ಇಂಗು ಸಿಕ್ಕಿತು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಶುದ್ಧ ಇಂಗಲ್ಲ, ಬಹಳಷ್ಟರಲ್ಲಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಹಿಂದೆ ಬರೆದೂ ಇರುತ್ತದೆ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಕೇಳಿ ತರಬೇಕು. ಎರಡನೆಯದು ಬೀದಿಕೊನೆಯ ಹಿಟ್ಟಿನ ಮಿಲ್ಲು. ಅವರು ರಾಗಿ ತೊಳೆದು ಒಣಗಿಸಿ ಅಲ್ಲಿ ಬೀಸಿಸುತ್ತಿದ್ದರು. ಅದೇ ಮಿಷನ್‌ನಲ್ಲಿ ಅವರಿಗಿಂತ ಮುಂಚೆ ಇನ್ಯಾರದೋ ಗೋಧಿ ಹೋಗಿರುತ್ತಿತ್ತು. ಮೊದಲು ಬೀಳುವ ಹಿಟ್ಟಿನಲ್ಲಿ ಎಷ್ಟು ಗೋಧಿ ಸೇರಿರುತ್ತದೆ, ಯೋಚಿಸಿ. "ಗ್ಲುಟೆನ್ ರಹಿತ" ಅಂತ ಪ್ಯಾಕೆಟ್ ಮೇಲೆ ಹಾಕಲು ಒಂದು ಕೆಜಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಅನ್ನುವ ನಿಯಮ ಇದೆ. ಒಂದು ಹಿಡಿ ಗೋಧಿಹಿಟ್ಟಿನಲ್ಲಿ ಗ್ಲುಟೆನ್ ಅದರ ನೂರಾರು ಪಟ್ಟು ಇರುತ್ತದೆ. ಮನೆಗೊಂದು ಪುಟ್ಟ ಹಿಟ್ಟಿನ ಮಿಷನ್ ತಂದರು, ಇಂಗು ಬದಲಾಯಿಸಿದರು. ಒಂದು ವರ್ಷಕ್ಕೆ ಹಿಮೋಗ್ಲೋಬಿನ್ 12.3, ಟಿಟಿಜಿ 28, ಆಮೇಲೆ ನಾರ್ಮಲ್. ಬಾಯಿಹುಣ್ಣು ಯಾವಾಗ ನಿಂತಿತು ಅಂತ ಅವರಿಗೇ ನೆನಪಿಲ್ಲ.

ಈಗ ಮೊದಲಿಗೆ ಹೇಳಿದ್ದಕ್ಕೆ ಬರುತ್ತೇನೆ, ಯಾಕೆ ಗೋಧಿ ಬಿಡಬಾರದು ಅಂತ. ನಾನೇ ಎಡವಿದ ಕಥೆ ಇದು. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಹೊಟ್ಟೆನೋವು, ತೂಕ ಇಳಿತ ಅಂತ ಒಬ್ಬರು ಬಂದರು. ಟಿಟಿಜಿ ಮಾಡಿಸಿದೆ, ನೆಗೆಟಿವ್ ಬಂತು. ಸೀಲಿಯಾಕ್ ಇಲ್ಲ, ಸೂಕ್ಷ್ಮ ಕರುಳು ಅಂತ ಹೇಳಿ ಕಳಿಸಿದೆ. ಅವರು ಯಾರದೋ ಮಾತು ಕೇಳಿ ಆರೇಳು ತಿಂಗಳಿಂದ ಗೋಧಿ ಮುಟ್ಟಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. "ಡಾಕ್ಟರೇ ಇಲ್ಲ ಅಂದರಲ್ಲ" ಅಂತ ಮತ್ತೆ ಚಪಾತಿ ಶುರು ಮಾಡಿದರು. ಮೂರು ವರ್ಷದ ಮೇಲೆ ಬಾತ್‌ರೂಮಿನಲ್ಲಿ ಸುಮ್ನೆ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಯಾಕೆ ಇಷ್ಟು ಟೊಳ್ಳು ಅಂತ ಹುಡುಕಿದಾಗ ಟಿಟಿಜಿ ಸಿಕ್ಕಾಪಟ್ಟೆ ಏರಿತ್ತು. ಗ್ಲುಟೆನ್ ಇಲ್ಲದಿದ್ದರೆ ಪ್ರತಿಕಾಯ ತಿಂಗಳುಗಳಲ್ಲಿ ಇಳಿದುಹೋಗುತ್ತದೆ, ಕರುಳಿನ ಕುಣಿಕೆಗಳೂ ಮತ್ತೆ ಬೆಳೆಯುತ್ತವೆ. ಆಗ ರಕ್ತ, ಬಯಾಪ್ಸಿ ಎರಡೂ ಸುಳ್ಳು ಹೇಳುತ್ತವೆ. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: ಈಗ ಗೋಧಿ ತಿನ್ನುತ್ತಿದ್ದೀರಾ, ದಿನಾ ಎಷ್ಟು?

ಆಗಲೇ ಬಿಟ್ಟಿದ್ದವರಿಗೂ ದಾರಿ ಇದೆ, ಸ್ವಲ್ಪ ಕಷ್ಟದ್ದು. ದಿನಕ್ಕೆ 3 ರಿಂದ 10 ಗ್ರಾಂ ಗ್ಲುಟೆನ್ ಒಳಗೆ ಹೋಗುವಂತೆ ಆರರಿಂದ ಎಂಟು ವಾರ ಮತ್ತೆ ತಿಂದು ಪರೀಕ್ಷೆ ಮಾಡಿಸಬೇಕು. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟೆನ್ ಇರುತ್ತದೆ, ಹಾಗಾಗಿ ದಿನಾ ಎರಡು ಚಪಾತಿ ಸಾಕು. ತೀರಾ ತಡೆಯಲಾಗದವರಿಗೆ ಎರಡು ವಾರಕ್ಕೇ ನೋಡುವುದೂ ಉಂಟು, ಆದರೆ ತಪ್ಪಿಹೋಗುವ ಸಾಧ್ಯತೆ ಜಾಸ್ತಿ. ಇನ್ನೊಂದು ಜೀನ್ ಪರೀಕ್ಷೆ ಇದೆ, ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಅಂತ. ಗೋಧಿ ತಿನ್ನದೇ ಇದ್ದರೂ ಇದನ್ನು ಮಾಡಬಹುದು. ಎರಡೂ ಇಲ್ಲ ಅಂದರೆ ಸೀಲಿಯಾಕ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದೆ ಅಂದರೆ ಏನೂ ಗೊತ್ತಾಗುವುದಿಲ್ಲ, ಆರೋಗ್ಯವಾಗಿರುವ ಎಷ್ಟೋ ಜನಕ್ಕೆ ಅವು ಇರುತ್ತವೆ.

"ಸೀಲಿಯಾಕ್ ಉತ್ತರದವರ ಕಾಯಿಲೆ, ನಮಗೆಲ್ಲಿ" ಅನ್ನುವ ಮಾತು ಡಾಕ್ಟರುಗಳ ಬಾಯಲ್ಲೂ ಕೇಳುತ್ತೇನೆ. ಅದರಲ್ಲಿ ಸ್ವಲ್ಪ ಸತ್ಯ ಇದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರಲ್ಲಿ, ದಕ್ಷಿಣದಲ್ಲಿ 0.10 ಜನರಲ್ಲಿ ಸಿಕ್ಕಿತು. ಆದರೆ ಆ ಜೀನ್ ಹೊತ್ತವರ ಪ್ರಮಾಣದಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ, ದೊಡ್ಡ ವ್ಯತ್ಯಾಸ ಇದ್ದದ್ದು ತಿನ್ನುವ ಗೋಧಿಯಲ್ಲಿ. ಮುದ್ದೆಯಿಂದ ಚಪಾತಿಗೆ ಹೊರಳಿದ ಮನೆಗಳು ಬೆಂಗಳೂರಿನಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಅಪರೂಪ ಹೌದು, ಇಲ್ಲವೇ ಇಲ್ಲ ಅಂತಲ್ಲ.

ನಿಮ್ಮ ರಿಪೋರ್ಟ್ ಬಂದಾಗ ಹೀಗೆ ನೋಡಿ. ಟೋಟಲ್ ಐಜಿಎ ನಾರ್ಮಲ್ ಇದ್ದು, ಟಿಟಿಜಿ ಮಿತಿಯೊಳಗೆ ಇದ್ದರೆ, ನೀವು ಅಷ್ಟೂ ದಿನ ಚಪಾತಿ ತಿನ್ನುತ್ತಿದ್ದರೆ, ಸೀಲಿಯಾಕ್ ಇರುವ ಸಾಧ್ಯತೆ ತುಂಬಾ ಕಮ್ಮಿ. ಆಗ ಎರಡು ವಾರ ಚಪಾತಿ ಬಿಟ್ಟು, ಆಮೇಲೆ ಮತ್ತೆ ತಿಂದು, ಉಬ್ಬರ ವಾಪಸ್ ಬರುತ್ತದಾ ಅಂತ ಡೈರಿಯಲ್ಲಿ ಬರೆದುಕೊಳ್ಳಿ. ಬಂದರೆ ಪೂರ್ತಿ ಬಿಡಬೇಕಾಗಿಲ್ಲ, ಎಷ್ಟರವರೆಗೆ ತಡೆಯುತ್ತದೆ ಅನ್ನುವುದು ಸಿಕ್ಕರೆ ಸಾಕು. ರಕ್ತ ಕಮ್ಮಿ ಇರುವುದಕ್ಕೆ ಮಾತ್ರ ಬೇರೆ ಕಾರಣ ಹುಡುಕಲೇಬೇಕು: ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದಾ, ಐರನ್ ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದೀರಾ (ಇದನ್ನು ನಾನು ದಿನಾ ನೋಡುತ್ತೇನೆ), ಫೆರಿಟಿನ್ ಎಷ್ಟು, ಬಿ12 ಎಷ್ಟು. ಬೇರೆ ಕಾರಣ ಸಿಗದೆ ರಕ್ತ ಹಾಗೇ ಇಳಿದಿದ್ದರೆ, ಟಿಟಿಜಿ ನೆಗೆಟಿವ್ ಇದ್ದರೂ ಎಂಡೋಸ್ಕೋಪಿ ಮಾಡಿ ನೋಡುತ್ತೇವೆ.

ಟಿಟಿಜಿ ಮಿತಿ ದಾಟಿದ್ದರೆ, ಸ್ವಲ್ಪವೇ ದಾಟಿದ್ದರೂ ಸರಿ, ರಿಪೋರ್ಟ್ ತೆಗೆದುಕೊಂಡು ಹೊಟ್ಟೆ ಡಾಕ್ಟರ್ ಹತ್ತಿರ ಹೋಗಿ, ಎಂಡೋಸ್ಕೋಪಿ ಮುಗಿಯುವ ತನಕ ಚಪಾತಿ ಮುಂದುವರಿಸಿ. ಖಚಿತವಾದರೆ ನಿಮ್ಮ ಅಕ್ಕನಿಗೂ ಅದೇ ರಕ್ತ ಪರೀಕ್ಷೆ ಬೇಕಾಗುತ್ತದೆ, ಒಡಹುಟ್ಟಿದವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ನಿಮಗೆ ಜೊತೆ ಕೊಡೋಣ ಅಂತ ಅವರೂ ಗೋಧಿ ಬಿಡುವ ಯೋಚನೆಯಲ್ಲಿದ್ದರೆ, ಅವರನ್ನೂ ಸ್ವಲ್ಪ ತಡೆಯಿರಿ.